ಒಂದು, ಎರಡು, ಮೂರು: ಪದವೀಧರರ ಕ್ಷೇತ್ರದಲ್ಲಿ ನಿಮ್ಮ ಮತವನ್ನು ಎಣಿಸುವುದು ಹೇಗೆ

(ಶಿವಮೊಗ್ಗದಲ್ಲಿ ಪದವೀಧರ ಮತದಾರರ ಎದುರು ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನು ಆಯಾ ವಿಷಯ ಬಂದ ಕಡೆಯೇ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ನಮ್ಮ ರಾಜ್ಯದ ಎರಡು ವಿಧಾನಸಭಾ ಚುನಾವಣೆಗಳ ಲೆಕ್ಕದಿಂದ ಮಾತು ಶುರು ಮಾಡುತ್ತೇನೆ. 2018ರಲ್ಲಿ ಬಿಜೆಪಿಗೆ ಬಂದ ಮತ ಸುಮಾರು ಶೇ. 36, ಗೆದ್ದ ಸ್ಥಾನ 104. ಕಾಂಗ್ರೆಸ್ಸಿಗೆ ಅದಕ್ಕಿಂತ ಹೆಚ್ಚು, ಸುಮಾರು ಶೇ. 38 ಮತ ಬಂದರೂ ಸಿಕ್ಕ ಸ್ಥಾನ ಕಡಿಮೆ. 2023ರಲ್ಲಿ ಬಿಜೆಪಿಯ ಮತ ಮತ್ತೆ ಶೇ. 36ರ ಆಸುಪಾಸಿನಲ್ಲೇ ಉಳಿಯಿತು, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಕಾಂಗ್ರೆಸ್ ಶೇ. 43ರಷ್ಟು ಮತ ಪಡೆದು 135 ಗೆದ್ದಿತು. ಮತಯಂತ್ರ ಕೆಟ್ಟಿದ್ದಕ್ಕೆ ಹೀಗಾಗಿದ್ದಲ್ಲ. ಒಂದೊಂದು ಕ್ಷೇತ್ರದಲ್ಲೂ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆಲ್ಲುತ್ತಾರೆ ಎಂಬ ನಿಯಮವೇ ಹೀಗೆ ಮಾಡುತ್ತದೆ. ಎದುರಾಳಿಗಳ ಮತ ಎರಡು ಮೂರು ಕಡೆ ಒಡೆದರೆ ಶೇ. 36 ಸಾಕು. ಒಡೆಯದಿದ್ದರೆ ಅದೇ ಶೇ. 36 ಸೋಲಿಗೆ ದಾರಿ.

ಇದಕ್ಕಿಂತ ಬೇರೆ ವಿಧಾನ ಎಲ್ಲೋ ಹೊರದೇಶದಲ್ಲಿದೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಇಲ್ಲಿ ಕೂತಿರುವವರಲ್ಲಿ ಹಲವರು ಆರು ವರ್ಷಕ್ಕೊಮ್ಮೆ ಆ ಬೇರೆ ವಿಧಾನದಲ್ಲೇ ಮತ ಹಾಕುತ್ತಾರೆ. ವಿಧಾನ ಪರಿಷತ್ತಿನ ನೈರುತ್ಯ ಪದವೀಧರರ ಕ್ಷೇತ್ರದ ಮಾತು ಹೇಳುತ್ತಿದ್ದೇನೆ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗು, ಜೊತೆಗೆ ದಾವಣಗೆರೆ ಜಿಲ್ಲೆಯ ಒಂದು ಭಾಗ, ಇಷ್ಟೂ ಸೇರಿ ಒಬ್ಬ ಸದಸ್ಯ. ಕಳೆದ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ. ಅಲ್ಲಿ ಮತಯಂತ್ರ ಇಲ್ಲ, ಪಕ್ಷದ ಚಿಹ್ನೆ ಇಲ್ಲ. ಮತಪತ್ರದಲ್ಲಿ ಹೆಸರುಗಳ ಎದುರು 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಈ ಅಂಕಿಗಳು ಎಣಿಕೆಯ ಮೇಜಿಗೆ ಹೋದ ಮೇಲೆ ಏನಾಗುತ್ತವೆ ಎನ್ನುವುದು ಬಹಳ ಜನ ಪದವೀಧರರಿಗೇ ಗೊತ್ತಿಲ್ಲ. ಇವತ್ತಿನ ಮಾತು ಹೆಚ್ಚಿನಂಶ ಅದರ ಬಗ್ಗೆ.

ಮೊದಲು ಪಟ್ಟಿಯಲ್ಲಿ ಹೆಸರು

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಕಳೆದುಹೋಗುವುದು ಎಣಿಕೆಯಲ್ಲಲ್ಲ, ನೋಂದಣಿಯಲ್ಲಿ. ನಿಮ್ಮ ಬಳಿ ಇರುವ ವೋಟರ್ ಐಡಿ ವಿಧಾನಸಭೆ, ಲೋಕಸಭೆಯ ಮತದಾರರ ಪಟ್ಟಿಗೆ ಸಂಬಂಧಿಸಿದ್ದು. ಪದವೀಧರರ ಪಟ್ಟಿ ಬೇರೆಯೇ. ಅದನ್ನು ಪ್ರತಿ ಸಲವೂ ಹೊಸದಾಗಿ ಬರೆಯುತ್ತಾರೆ. 2018ರ ಪಟ್ಟಿಯಲ್ಲಿ ಇದ್ದವರ ಹೆಸರು 2024ರ ಪಟ್ಟಿಗೆ ತಾನಾಗಿ ಬರಲಿಲ್ಲ. ಹಾಗೆಯೇ 2024ರಲ್ಲಿ ಮತ ಹಾಕಿದವರೂ ಮುಂದಿನ ಸಲ ಮತ್ತೆ ಅರ್ಜಿ ಕೊಡಬೇಕು. ಮತದಾನದ ದಿನ ವೋಟರ್ ಐಡಿ ಹಿಡಿದು ಬಂದು, ಪಟ್ಟಿಯಲ್ಲಿ ಹೆಸರಿಲ್ಲದೆ ವಾಪಸು ಹೋಗುವವರ ಕಥೆ ಬಹುತೇಕ ಇದೇ.

ಅರ್ಜಿ ನಮೂನೆ 18. ಶಿಕ್ಷಕರ ಕ್ಷೇತ್ರಕ್ಕಾದರೆ ನಮೂನೆ 19. ಅರ್ಹತಾ ದಿನಾಂಕ ನವೆಂಬರ್ 1. ಆ ದಿನಕ್ಕೆ ಪದವಿ ಪಡೆದು ಕನಿಷ್ಠ ಮೂರು ವರ್ಷ ತುಂಬಿರಬೇಕು. ಮೂರು ವರ್ಷವನ್ನು ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದ ಎಣಿಸುತ್ತಾರೆ, ಘಟಿಕೋತ್ಸವದ ದಿನದಿಂದಲ್ಲ. 2024ರ ನಂತರದ ಚುನಾವಣೆ 2030ರ ಮಧ್ಯಭಾಗಕ್ಕೆ ಬರಬೇಕು. ಈಗಿನ ಕ್ರಮವೇ ಮುಂದುವರಿದರೆ 2029ರ ನವೆಂಬರ್ 1ಕ್ಕೆ ಮೂರು ವರ್ಷ ತುಂಬಿರಬೇಕು, ಅಂದರೆ 2026ರ ಅಕ್ಟೋಬರ್ ಮುಗಿಯುವುದರೊಳಗೆ ಫಲಿತಾಂಶ ಬಂದಿರಬೇಕು. ಅರ್ಜಿಗೆ ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ ಬೇಕು, ಕ್ಷೇತ್ರದೊಳಗೆ ವಾಸವಿರಬೇಕು. ಸಾಗರದ ಹುಡುಗಿ ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ನೆಲೆಸಿದ್ದರೆ ಅವಳು ಬೆಂಗಳೂರು ಪದವೀಧರರ ಕ್ಷೇತ್ರದ ಮತದಾರಳು, ಇಲ್ಲಿನವಳಲ್ಲ.

ಒಬ್ಬರು ಕೇಳಿದರು: "ಪಕ್ಷದವರೇ ನೂರಾರು ಫಾರಂ ತುಂಬಿಸಿಕೊಂಡು ಹೋಗುತ್ತಾರಲ್ಲ ಸಾರ್, ಸಾಲದೇ?" ಕಂತೆಗಟ್ಟಲೆ ತಂದ ಅರ್ಜಿಗಳನ್ನು ಸ್ವೀಕರಿಸುವಂತಿಲ್ಲ ಎಂಬುದು ಚುನಾವಣಾ ಆಯೋಗದ ಸೂಚನೆ. ಒಂದೇ ಮನೆಯವರ ಅರ್ಜಿಗಳನ್ನು ಆ ಮನೆಯ ಒಬ್ಬರು ಕೊಡಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಿಗೆ ಕಳಿಸಬಹುದು. ಬೇರೆಯವರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಇರಬೇಡಿ. ಕರಡು ಪಟ್ಟಿ ಪ್ರಕಟವಾದ ದಿನವೇ ಹೆಸರು ಹುಡುಕಿ. ಇಲ್ಲದಿದ್ದರೆ ಆಕ್ಷೇಪಣೆಯ ಅವಧಿಯಲ್ಲಿ ಸೇರಿಸಲು ಅವಕಾಶವಿದೆ.

ಮತಪತ್ರ ಅಸಿಂಧುವಾಗುವುದು ಎಲ್ಲಿ

ಪಟ್ಟಿಯಲ್ಲಿ ಹೆಸರಿದೆ, ಮತಗಟ್ಟೆಗೆ ಹೋಗಿದ್ದೀರಿ ಎಂದುಕೊಳ್ಳೋಣ. ಮತಪತ್ರದ ಜೊತೆ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಬರೆಯಬೇಕಾದದ್ದು ಅದರಲ್ಲೇ. ಜೇಬಿನ ಪೆನ್ನು ಬಳಸಿದರೆ ಮತ ತಿರಸ್ಕೃತವಾಗುತ್ತದೆ, ಏಕೆಂದರೆ ಬೇರೆ ಬಣ್ಣದ ಗುರುತು ಕಂಡರೆ ಇದು ಇಂಥವರ ಮತ ಎಂದು ಮೊದಲೇ ಮಾತಾಡಿಕೊಂಡವರಿಗೆ ಗೊತ್ತಾಗಿಬಿಡುತ್ತದೆ. ಸಹಿ, ಹೆಬ್ಬೆಟ್ಟು, ಹೆಸರಿನ ಮೊದಲಕ್ಷರ, "ಜೈ" ಎಂಬ ಒಂದು ಮಾತು, ಯಾವುದನ್ನು ಬರೆದರೂ ಇದೇ ಕಾರಣಕ್ಕೆ ಮತ ಹೋಗುತ್ತದೆ.

ಅಂಕಿಯನ್ನು 1 ಎಂದು ಬರೆಯಬಹುದು, ಕನ್ನಡ ಅಂಕಿಯಲ್ಲಿ ೧ ಎಂದು ಬರೆಯಬಹುದು, ರೋಮನ್ ಅಂಕಿಯಲ್ಲೂ ಬರೆಯಬಹುದು. "ಒಂದು" ಎಂದು ಅಕ್ಷರದಲ್ಲಿ ಬರೆಯಬಾರದು. ಸರಿ ಗುರುತು, ಗುಣಾಕಾರದ ಗುರುತು ಹಾಕಬಾರದು. ಎಷ್ಟೋ ಮತಗಳು ಕೆಡುವುದು ಇಲ್ಲೇ. ಓದಿದವರೇ ಹಳೆಯ ಅಭ್ಯಾಸದಿಂದ ಸರಿ ಗುರುತು ಹಾಕಿ ಬರುತ್ತಾರೆ.

ನಿಯಮದ ತಿರುಳು ಇಷ್ಟು: 1 ಇರಲೇಬೇಕು, ಒಬ್ಬರ ಎದುರು ಮಾತ್ರ ಇರಬೇಕು, ಅದೇ ಹೆಸರಿನ ಎದುರು ಇನ್ನೊಂದು ಅಂಕಿ ಇರಬಾರದು, ಯಾರ ಎದುರು ಬರೆದದ್ದು ಎಂದು ಸಂಶಯ ಬರುವ ಹಾಗೆ ಎರಡು ಗೆರೆಗಳ ನಡುವೆ ಕೂತಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಇಡೀ ಮತಪತ್ರ ಅಸಿಂಧು. 2 ಅಥವಾ 3ರಲ್ಲಿ ತಪ್ಪಾದರೆ ಪರಿಣಾಮ ಬೇರೆ. 1, 2 ಬರೆದು ಮೂರನ್ನು ಬಿಟ್ಟು 4 ಬರೆದಿದ್ದೀರಿ ಎನ್ನಿ. ಮತ ಸಿಂಧುವೇ, 1 ಮತ್ತು 2ರ ವರೆಗೆ ಲೆಕ್ಕಕ್ಕೆ ಬರುತ್ತದೆ, ಮುಂದಿನದನ್ನು ನೋಡುವುದಿಲ್ಲ. ಇಬ್ಬರಿಗೆ 2 ಬರೆದಿದ್ದರೆ 1 ಮಾತ್ರ ಉಳಿಯುತ್ತದೆ. ಬರೀ 1 ಬರೆದು ಉಳಿದದ್ದನ್ನು ಖಾಲಿ ಬಿಟ್ಟರೂ ಮತ ಸಿಂಧು.

ಎಣಿಕೆಯ ಮೇಜಿನ ಮೇಲೆ

ಒಂದು ಕಲ್ಪಿತ ಲೆಕ್ಕ ಮಾಡೋಣ. ಅಂಕಿ ನನ್ನವು, ವಿಧಾನ 1961ರ ಚುನಾವಣಾ ನಡವಳಿ ನಿಯಮಗಳದ್ದು. ಕ, ಗ, ಚ, ಟ ಎಂಬ ನಾಲ್ವರು ಅಭ್ಯರ್ಥಿಗಳು. ಚಲಾವಣೆಯಾದದ್ದು 10,400 ಮತ. ಪೆಟ್ಟಿಗೆ ತೆರೆದು ಮೊದಲು ಸಿಂಧು, ಅಸಿಂಧು ಬೇರ್ಪಡಿಸುತ್ತಾರೆ. 400 ಅಸಿಂಧು ಎಂದಾಯಿತು. ಉಳಿದದ್ದು 10,000.

ಗೆಲುವಿನ ಕೋಟಾವನ್ನು ಈ ಸಿಂಧು ಮತಗಳಿಂದ ತೆಗೆಯುತ್ತಾರೆ. ಎರಡರಿಂದ ಭಾಗಿಸಿ, ಶೇಷ ಬಂದರೆ ಬಿಟ್ಟು, ಒಂದು ಕೂಡಿಸಬೇಕು. 10,000ದ ಅರ್ಧ 5,000, ಕೂಡಿಸು 1, ಕೋಟಾ 5,001. ಮುಂದಿನ ಸುತ್ತುಗಳಲ್ಲಿ ಏನೇ ಆದರೂ ಈ ಕೋಟಾ ಬದಲಾಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮೊದಲ ಸುತ್ತಿನಲ್ಲಿ 1 ಯಾರಿಗೆ ಎಂದು ಮಾತ್ರ ನೋಡಿ ಮತಪತ್ರಗಳನ್ನು ಕಟ್ಟು ಮಾಡುತ್ತಾರೆ. ಕ 4,200, ಗ 3,300, ಚ 1,600, ಟ 900. ವಿಧಾನಸಭೆಯ ಲೆಕ್ಕದಲ್ಲಾದರೆ ಇಲ್ಲಿಗೆ ಮುಗಿಯಿತು. ಕ ಗೆದ್ದಂತೆ, 900 ಮತಗಳ ಅಂತರ. ಇಲ್ಲಿ ಯಾರೂ 5,001 ಮುಟ್ಟಿಲ್ಲ, ಆದ್ದರಿಂದ ಎಣಿಕೆ ಮುಂದುವರಿಯುತ್ತದೆ.

ಎರಡನೇ ಸುತ್ತು. ಎಲ್ಲರಿಗಿಂತ ಕಡಿಮೆ ಇರುವ ಟ ಹೊರಕ್ಕೆ. ಅವರ 900 ಮತಪತ್ರಗಳನ್ನು ಮತ್ತೆ ಬಿಡಿಸಿ ಒಂದೊಂದರಲ್ಲೂ 2 ಯಾರಿಗಿದೆ ಎಂದು ನೋಡುತ್ತಾರೆ. 350 ಗ ಕಡೆಗೆ, 150 ಚ ಕಡೆಗೆ, 100 ಕ ಕಡೆಗೆ. ಉಳಿದ 300ರಲ್ಲಿ 2 ಬರೆದೇ ಇಲ್ಲ. ಆ 300 ಇನ್ನು ಯಾರ ಲೆಕ್ಕಕ್ಕೂ ಬರುವುದಿಲ್ಲ, ಬೇರೆಯೇ ಕಟ್ಟಿಡುತ್ತಾರೆ. ಅವನ್ನು ಮುಗಿದ ಮತ ಎಂದು ಕರೆಯೋಣ. ಈಗ ಕ 4,300, ಗ 3,650, ಚ 1,750, ಮುಗಿದದ್ದು 300.

ಮೂರನೇ ಸುತ್ತು. ಈಗ ಚ ಹೊರಕ್ಕೆ. ಅವರ ಕೈಯಲ್ಲಿ ಎರಡು ಬಗೆಯ ಮತಪತ್ರಗಳಿವೆ. 1,600 ಮೊದಲೇ ಅವರಿಗೆ 1 ಕೊಟ್ಟವು, ಅವುಗಳಲ್ಲಿ 2 ನೋಡಬೇಕು. 150 ಟ ಕಡೆಯಿಂದ ಬಂದವು, ಅವುಗಳಲ್ಲಿ 2 ಖರ್ಚಾಗಿದೆ, 3 ನೋಡಬೇಕು. 1,600ರಲ್ಲಿ ಯಾರಾದರೂ 2 ಅನ್ನು ಟ ಹೆಸರಿಗೆ ಬರೆದಿದ್ದರೆ, ಟ ಆಗಲೇ ಹೊರಹೋಗಿರುವುದರಿಂದ ಅದನ್ನು ದಾಟಿ 3ಕ್ಕೆ ಹೋಗುತ್ತಾರೆ. ಕಣದಲ್ಲಿ ಉಳಿದವರಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗೆ ಎನ್ನುವುದೇ ಪ್ರಶ್ನೆ. ಹೀಗೆ ಒಟ್ಟು 1,750ರಲ್ಲಿ 1,000 ಗ ಕಡೆಗೆ, 250 ಕ ಕಡೆಗೆ ಹೋದವು, 500 ಮುಗಿದವು.

ಈಗ ಕ 4,550, ಗ 4,650, ಮುಗಿದದ್ದು 800. ಇಬ್ಬರೂ 5,001 ಮುಟ್ಟಿಲ್ಲ. ಆದರೆ ಕಡಿಮೆ ಇರುವವರು ಹೊರಹೋಗಬೇಕೆಂಬ ನಿಯಮ ಇನ್ನೂ ಜಾರಿಯಲ್ಲಿದೆ. ಕ ಹೊರಹೋದರೆ ಕಣದಲ್ಲಿ ಉಳಿಯುವುದು ಗ ಒಬ್ಬರೇ. ಒಬ್ಬರೇ ಉಳಿದರೆ ಕೋಟಾ ಮುಟ್ಟದಿದ್ದರೂ ಗೆದ್ದಂತೆ. ಗ ಗೆದ್ದರು, 100 ಮತಗಳಿಂದ.

ಈ ಲೆಕ್ಕವನ್ನು ಇಷ್ಟು ನಿಧಾನವಾಗಿ ಹೇಳಿದ್ದಕ್ಕೆ ಕಾರಣವಿದೆ. ಗೆಲುವಿನ ಅಂತರ 100. ಸರಿ ಗುರುತು ಹಾಕಿ, ಸಹಿ ಮಾಡಿ ಕೆಟ್ಟ ಮತ 400. ಮುಂದಿನ ಅಂಕಿ ಬರೆಯದೆ ಮುಗಿದ ಮತ 800. ಇವೆರಡರಲ್ಲಿ ಯಾವುದು ಸ್ವಲ್ಪ ಆಚೀಚೆ ಆಗಿದ್ದರೂ ಫಲಿತಾಂಶ ತಿರುಗಬಹುದಿತ್ತು. ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಇರುವವರೇ ಗೆಲ್ಲುತ್ತಾರೆ ಎಂದು ಈ ವಿಧಾನವನ್ನು ಹೊಗಳುವುದುಂಟು. ಜನ ಅಂಕಿಗಳನ್ನು ಕೊನೆಯವರೆಗೆ ಬರೆದಾಗ ಮಾತ್ರ ಅದು ನಿಜ. ಆಸ್ಟ್ರೇಲಿಯಾದ ಕೆಳಮನೆಯ ಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಅಂಕಿ ಬರೆಯುವುದು ಕಡ್ಡಾಯ, ಅಲ್ಲಿ ಮುಗಿದ ಮತ ಎಂಬುದೇ ಇರುವುದಿಲ್ಲ. ನಮ್ಮಲ್ಲಿ 1 ಮಾತ್ರ ಕಡ್ಡಾಯ.

ಎಣಿಕೆ ಏಜೆಂಟರಾಗಿ ಹೋಗುವವರಿಗೆ ಒಂದು ಮಾತು. ಪ್ರತಿ ಸುತ್ತಿನ ಕೊನೆಯಲ್ಲಿ ಉಳಿದವರ ಮತಗಳನ್ನೂ ಮುಗಿದ ಮತಗಳನ್ನೂ ಕೂಡಿ. ಮೊದಲ ಸುತ್ತಿನ ಸಿಂಧು ಮತಗಳ ಮೊತ್ತವೇ ಬರಬೇಕು. ನಮ್ಮ ಉದಾಹರಣೆಯಲ್ಲಿ 4,550, 4,650, 800 ಕೂಡಿದರೆ 10,000. ಒಂದು ಮತ ಹೆಚ್ಚು ಕಡಿಮೆ ಬಂದರೂ ಯಾವುದೋ ಕಟ್ಟು ತಪ್ಪು ತಟ್ಟೆಗೆ ಹೋಗಿದೆ ಎಂದರ್ಥ. ಅಲ್ಲೇ ನಿಲ್ಲಿಸಿ ಕೇಳಬೇಕು, ಮುಂದಿನ ಸುತ್ತು ಶುರುವಾದ ಮೇಲೆ ಹುಡುಕುವುದು ಕಷ್ಟ. ಕೊನೆಯಲ್ಲಿ ಇಬ್ಬರು ಸಮ ಮತಗಳಲ್ಲಿ ನಿಂತರೆ ಮೊದಲ ಸುತ್ತಿನಲ್ಲಿ ಯಾರಿಗೆ ಕಡಿಮೆ ಇತ್ತೋ ಅವರನ್ನು ಹೊರಗೆ ಕಳಿಸುತ್ತಾರೆ. ಅದೂ ಸಮವಾಗಿದ್ದರೆ ಚೀಟಿ ಎತ್ತುತ್ತಾರೆ.

"2 ಬರೆದರೆ ನಮ್ಮವರಿಗೆ ಪೆಟ್ಟಲ್ಲವೇ?"

ಈ ಪ್ರಶ್ನೆಯನ್ನು ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ಎತ್ತಿದರು. "ನಮಗೆ 1 ಮಾತ್ರ ಬರೀರಿ, 2 ಬರೆದರೆ ನಮ್ಮ ಅಭ್ಯರ್ಥಿಗೇ ತೊಂದರೆ ಅಂತ ಪ್ರಚಾರಕ್ಕೆ ಬಂದವರು ಹೇಳ್ತಾರೆ. ನಿಜವೇ?"

ನಿಜವಲ್ಲ. ನೀವು ಬರೆದ 2 ಅನ್ನು ಯಾರಾದರೂ ನೋಡುವುದು ನೀವು 1 ಕೊಟ್ಟವರು ಹೊರಹೋದ ಮೇಲೆ ಮಾತ್ರ. ಅವರು ಕಣದಲ್ಲಿರುವ ತನಕ ನಿಮ್ಮ ಮತಪತ್ರ ಅವರ ಕಟ್ಟಿನಲ್ಲೇ ಇರುತ್ತದೆ, ಪೂರ್ತಿ ಒಂದು ಮತವಾಗಿ. ನಮ್ಮ ಲೆಕ್ಕದಲ್ಲಿ ಕ ಬೆಂಬಲಿಗರ 4,200 ಮತಪತ್ರಗಳ 2 ಅನ್ನು ಯಾರೂ ತೆರೆದು ನೋಡಲೇ ಇಲ್ಲ. ಮೊದಲ ಇಬ್ಬರಲ್ಲಿ ಒಬ್ಬರಿಗೆ 1 ಕೊಟ್ಟವರು 2 ಬರೆದರೂ ಬಿಟ್ಟರೂ ಅಂಥ ವ್ಯತ್ಯಾಸವಿಲ್ಲ. ಆದರೆ ಗೆಲ್ಲುವ ಸಾಧ್ಯತೆ ಕಡಿಮೆ ಇರುವ ಪಕ್ಷೇತರರಿಗೋ ಸಣ್ಣ ಪಕ್ಷಕ್ಕೋ ಮನಸ್ಸಿನಿಂದ 1 ಕೊಟ್ಟವರು 2 ಬರೆಯದೆ ಬಿಟ್ಟರೆ, ಕೊನೆಯ ಹಣಾಹಣಿಯಲ್ಲಿ ಅವರ ಮಾತೇ ಇರುವುದಿಲ್ಲ. "1 ಮಾತ್ರ ಬರೀರಿ" ಎನ್ನುವ ಪ್ರಚಾರದಿಂದ ಲಾಭವಾಗುವುದು ಮೊದಲ ಸುತ್ತಿನಲ್ಲೇ ಮುಂದಿರುವವರಿಗೆ. ನನ್ನ ಅಭಿಪ್ರಾಯ ಕೇಳಿದರೆ, ಈ ಸಲಹೆ ಮತದಾರರಿಗೆ ಮಾಡುವ ಅನ್ಯಾಯ.

ಪ್ರಮಾಣಾನುಸಾರ ಎಂಬ ಹೆಸರು, ಒಂದೇ ಸ್ಥಾನ

ಸಂವಿಧಾನದ 171ನೇ ವಿಧಿ ಈ ಚುನಾವಣೆಯನ್ನು ಪ್ರಮಾಣಾನುಸಾರ ಪ್ರಾತಿನಿಧ್ಯದ ವಿಧಾನ ಎನ್ನುತ್ತದೆ. ಆದರೆ ಇರುವುದು ಒಂದೇ ಸ್ಥಾನ, ಒಂದನ್ನು ಯಾವ ಪ್ರಮಾಣದಲ್ಲಿ ಹಂಚುವುದು? ಇದೇ ವಿಧಾನ ನಿಜವಾಗಿ ಪ್ರಮಾಣ ಕೊಡುವುದು ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದಾಗ. ರಾಜ್ಯಸಭೆಗೆ ನಮ್ಮ ಶಾಸಕರು ನಾಲ್ವರನ್ನು ಆರಿಸುವುದನ್ನು ನೋಡಿ. ಅಲ್ಲಿ ಒಂದು ಮತಪತ್ರದ ಬೆಲೆ 100. 224 ಶಾಸಕರೂ ಮತ ಹಾಕಿದರೆ 22,400. ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ ಐದರಿಂದ ಭಾಗಿಸಿ ಒಂದು ಕೂಡಿಸಿದರೆ 4,481. ಸರಳವಾಗಿ ಹೇಳಿದರೆ 45 ಶಾಸಕರ ಮೊದಲ ಪ್ರಾಶಸ್ತ್ಯ ಸಿಕ್ಕರೆ ಒಂದು ಸ್ಥಾನ ಖಚಿತ. 2024ರ ಫೆಬ್ರವರಿಯಲ್ಲಿ 135 ಸ್ಥಾನ ಗೆದ್ದಿದ್ದ ಕಾಂಗ್ರೆಸ್ಸಿಗೆ ಮೂರು, 66 ಗೆದ್ದಿದ್ದ ಬಿಜೆಪಿಗೆ ಒಂದು ಬಂತು. ದೊಡ್ಡ ಪಕ್ಷ ನಾಲ್ಕನ್ನೂ ಬಾಚಿಕೊಳ್ಳಲು ಆಗಲಿಲ್ಲ.

ಆದ್ದರಿಂದ ನೈರುತ್ಯ ಕ್ಷೇತ್ರದಲ್ಲಿ ಅಂಕಿ ಬರೆಯುವ ವಿಧಾನ ಮಾಡುವ ಕೆಲಸ ಒಂದೇ: ಮತ ಒಡೆದುಹೋಗಿ, ಹೆಚ್ಚಿನವರಿಗೆ ಬೇಡವಾದವರು ಗೆಲ್ಲುವುದನ್ನು ಅದು ತಡೆಯುತ್ತದೆ. ಐದು ಜಿಲ್ಲೆಗಳ ಬೇರೆ ಬೇರೆ ಅಭಿಪ್ರಾಯಗಳಿಗೆ ಪಾಲು ಕೊಡುವುದು ಅದರಿಂದ ಆಗದು. ಕರಾವಳಿಯಲ್ಲಿ ನೋಂದಣಿ ಹೆಚ್ಚಾಗಿ ಮಲೆನಾಡಿನಲ್ಲಿ ಕಡಿಮೆಯಾದರೆ, ಕ್ಷೇತ್ರದ ತೂಕ ಆ ಕಡೆಗೇ ವಾಲುತ್ತದೆ. ಹೊಸನಗರದ ಪದವೀಧರರು ನಮೂನೆ 18 ತುಂಬಿದರೋ ಇಲ್ಲವೋ ಎನ್ನುವುದಕ್ಕೆ ಹೊಸನಗರದ ಪ್ರಾತಿನಿಧ್ಯದ ಜೊತೆ ನೇರ ಸಂಬಂಧವಿದೆ.

ಶೇಕಡಾವಾರು ಮತದಾನವನ್ನು ಹೇಗೆ ಓದಬೇಕು

ಕೊನೆಗೆ ಬಂದ ಪ್ರಶ್ನೆ ಮತದಾನದ ಪ್ರಮಾಣದ ಬಗ್ಗೆ. ಪ್ರಕಟವಾಗುವ ಶೇಕಡಾವಾರು ಅಂಕಿ ಪಟ್ಟಿಯಲ್ಲಿ ಇರುವವರಿಂದ ಬಂದದ್ದು, ಅರ್ಹರಾದವರಿಂದಲ್ಲ. ಒಂದು ಊರಿನಲ್ಲಿ 1,000 ಪದವೀಧರರಿದ್ದು 300 ಜನ ನೋಂದಾಯಿಸಿ 210 ಜನ ಮತ ಹಾಕಿದರೆ ಶೇ. 70 ಎಂದು ಪ್ರಕಟವಾಗುತ್ತದೆ. ಅರ್ಹರ ಲೆಕ್ಕದಲ್ಲಿ ಅದು ಶೇ. 21.

ವಿಧಾನಸಭೆಯ ಪಟ್ಟಿಯಲ್ಲಿ ಇದರ ತಿರುವುಮುರುವು ಆಗುತ್ತದೆ. ಮಲೆನಾಡಿನ ಒಂದು ಮತಗಟ್ಟೆಯ ಪಟ್ಟಿಯಲ್ಲಿ 1,000 ಹೆಸರು ಇವೆ ಎನ್ನಿ. 60 ಜನ ಬೆಂಗಳೂರು ಸೇರಿ ವರ್ಷಗಳಾಗಿವೆ, 20 ಜನ ತೀರಿಕೊಂಡಿದ್ದಾರೆ. ನಿಜವಾಗಿ ಊರಿನಲ್ಲಿರುವ 920 ಜನರಲ್ಲಿ 780 ಜನ ಮತ ಹಾಕಿದರು. ಪ್ರಕಟವಾಗುವುದು ಶೇ. 78, ನಿಜ ಸುಮಾರು ಶೇ. 85. ಊರಿನವರಿಗೆ ಆಸಕ್ತಿ ಇಲ್ಲ ಎಂದು ತೀರ್ಮಾನಿಸುವ ಮೊದಲು ಪಟ್ಟಿಯನ್ನು ಒಮ್ಮೆ ನೋಡಬೇಕು. ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7, ಬೇರೆ ಊರಿಗೆ ಹೋದವರು ಹೆಸರು ವರ್ಗಾಯಿಸಿಕೊಳ್ಳಲು ನಮೂನೆ 8. ಬಿಎಲ್‌ಒ ಅವರಿಗೆ ಕೊಟ್ಟರೆ ಸಾಕು.

"ಹಾಗಾದರೆ ರಸ್ತೆಗಾಗಿ ನಾವು ಮತದಾನ ಬಹಿಷ್ಕಾರ ಮಾಡಿದರೆ?" ಎಂದು ಹಿಂದಿನ ಸಾಲಿನಿಂದ ಒಬ್ಬ ಯುವಕ ಕೇಳಿದ. ರಸ್ತೆ, ಸೇತುವೆ, ಮೊಬೈಲ್ ಟವರ್ ಕೇಳಿ ಬೇಸತ್ತ ಊರುಗಳ ಸಂಕಟ ನನಗೆ ಅರ್ಥವಾಗುತ್ತದೆ. ಬಹಿಷ್ಕಾರದ ಸುದ್ದಿ ಹರಡಿದರೆ ಅಧಿಕಾರಿಗಳು ಮಾತಾಡಲು ಊರಿಗೆ ಬರಬಹುದು, ಅಷ್ಟರ ಮಟ್ಟಿಗೆ ಅದಕ್ಕೆ ಬಲವಿದೆ. ಕಾನೂನಿನ ಕಡೆಯಿಂದ ಮಾತ್ರ ಏನೂ ಇಲ್ಲ. ನಮ್ಮಲ್ಲಿ ಇಂತಿಷ್ಟು ಮತ ಬೀಳಲೇಬೇಕೆಂಬ ಕನಿಷ್ಠ ಮಿತಿ ಇಲ್ಲ. ಒಂದು ಮತಗಟ್ಟೆಯಲ್ಲಿ ಸೊನ್ನೆ ಮತ ಬಿದ್ದರೂ ಉಳಿದ ಮತಗಟ್ಟೆಗಳ ಲೆಕ್ಕದಲ್ಲಿ ಫಲಿತಾಂಶ ಬರುತ್ತದೆ. 2013ರಲ್ಲಿ ಬಂದ ನೋಟಾ ಕೂಡ ಹಾಗೆಯೇ, ಎಣಿಸುತ್ತಾರೆ, ಆದರೆ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಪದವೀಧರರ ಕ್ಷೇತ್ರದ ಕೋಟಾ ಕೂಡ ಸಿಂಧು ಮತಗಳಿಂದ ಬರುವುದು. ಮನೆಯಲ್ಲಿ ಉಳಿದವರಿಂದ ಕೋಟಾ ಏರುವುದಿಲ್ಲ, ಇಳಿಯುತ್ತದೆ.

"ವಿಧಾನಸಭೆಗೂ 1, 2, 3 ತಂದರೆ?" ಎಂದೂ ಅದೇ ಯುವಕ ಕೇಳಿದ. ಈಗಿನ ಮತಯಂತ್ರ ಒಂದು ಗುಂಡಿಯನ್ನು ಮಾತ್ರ ದಾಖಲಿಸುತ್ತದೆ, ಪ್ರಾಶಸ್ತ್ಯದ ಕ್ರಮವನ್ನಲ್ಲ. ತರಬೇಕೆಂದರೆ ಕಾನೂನೂ ಬದಲಾಗಬೇಕು, ಯಂತ್ರವೂ ಬದಲಾಗಬೇಕು. ಒಂದೇ ಸ್ಥಾನದ ಕ್ಷೇತ್ರಗಳನ್ನು ಹಾಗೇ ಇಟ್ಟುಕೊಂಡರೆ, 2018 ಮತ್ತು 2023ರಲ್ಲಿ ಕಂಡ ಮತ ಮತ್ತು ಸ್ಥಾನಗಳ ಅಂತರ ಅದರಿಂದ ಪೂರ್ತಿ ಹೋಗುವುದೂ ಇಲ್ಲ. ಆ ಅಂತರ ಕಡಿಮೆಯಾಗಬೇಕಾದರೆ ಮೂರು ನಾಲ್ಕು ಸ್ಥಾನಗಳ ದೊಡ್ಡ ಕ್ಷೇತ್ರಗಳು ಬೇಕು. ಆಗ ಸೊರಬ, ಸಾಗರ, ಶಿಕಾರಿಪುರ ಸೇರಿ ಒಂದೇ ಕ್ಷೇತ್ರವಾಗಿ, ನಿಮ್ಮ ಊರಿಗೆ ಹತ್ತಿರದ ಶಾಸಕ ಯಾರು ಎಂಬ ಹೊಸ ಪ್ರಶ್ನೆ ಹುಟ್ಟುತ್ತದೆ. ಎರಡರಲ್ಲಿ ಯಾವುದನ್ನು ಬಿಟ್ಟುಕೊಡಲು ನಾವು ಸಿದ್ಧ ಎಂದು ತೀರ್ಮಾನಿಸದೆ ಆ ಚರ್ಚೆ ಮುಂದೆ ಹೋಗುವುದಿಲ್ಲ.